ತಾರಸಿ ನೀರು ಸಂಪಿಗೆ: ಪೈಪ್ ಎಷ್ಟು ಇಂಚು, ಫಸ್ಟ್ ಫ್ಲಶ್ ಎಷ್ಟುದ್ದ?

ತುಮಕೂರಿನಿಂದ: ನಮ್ಮ ತಾರಸಿ 80 ಚದರ ಮೀಟರ್, ನೀರಿಳಿಯಲು ಎರಡು ಕಡೆ ದಾರಿ ಇದೆ. ಎರಡನ್ನೂ ಸೇರಿಸಿ ಒಂದೇ 3 ಇಂಚು ಪೈಪಿನಲ್ಲಿ ಸಂಪಿಗೆ ಬಿಡೋಣ, ಮೊದಲ ಕೊಳೆ ನೀರನ್ನು ಬೇರೆ ಹಿಡಿದಿಡುವ ಫಸ್ಟ್ ಫ್ಲಶ್‌ಗೆ ಒಂದು ಮೀಟರ್ 4 ಇಂಚು ಪೈಪ್ ಸಾಕು ಅಂತಾರೆ ಪ್ಲಂಬರ್. ಮಾಡಿಸಿದವರು ಹೇಳಿ.

ಹಾಸನದಿಂದ: ನಮ್ಮದೂ 3 ಇಂಚೇ, ಆರು ವರ್ಷದಿಂದ ಏನೂ ತೊಂದರೆ ಆಗಿಲ್ಲ. ಆದರೆ ಫಸ್ಟ್ ಫ್ಲಶ್ ಬೇಕೇ ಬೇಕು. ಪಕ್ಕದ ಹೊಂಗೆ ಮರದ ಹೂವೆಲ್ಲ ತಾರಸಿಗೆ ಉದುರುತ್ತದೆ, ಮೊದಲ ನೀರು ಟೀ ಬಣ್ಣಕ್ಕಿರುತ್ತದೆ.

ಮೈಸೂರಿನಿಂದ: ಹಾಸನದ ಸರ್, ನಿಮ್ಮ ತಾರಸಿ ಚಿಕ್ಕದಿರಬೇಕು ಅಲ್ವಾ? ಗಂಟೆಗೆ 100 ಮಿಲಿಮೀಟರ್ ರಭಸದ ಮಳೆ ಲೆಕ್ಕ ಹಿಡಿದರೆ 3 ಇಂಚು ಪೈಪ್ ಸುಮಾರು 20 ಚದರ ಮೀಟರಿಗೆ ಸಾಕಾಗುತ್ತದೆ, 4 ಇಂಚು 42ಕ್ಕೆ. ಮೇ ತಿಂಗಳ ಗುಡುಗು ಮಳೆ ಹತ್ತು ನಿಮಿಷ ಹಾಗೇ ಸುರಿಯುತ್ತದೆ. ತುಮಕೂರಿನವರು ಎರಡು ಕಡೆಯೂ 4 ಇಂಚು ಹಾಕಿ, ಬೇರೆ ಬೇರೆಯಾಗಿಯೇ ಇಳಿಸಿ.

ಇನ್ನು ಫಸ್ಟ್ ಫ್ಲಶ್. ಒಂದು ಮಿಲಿಮೀಟರ್ ಮಳೆ ಬಿಡಬೇಕೆಂದರೆ ನಿಮಗೆ 80 ಲೀಟರ್. ಒಂದು ಮೀಟರ್ 4 ಇಂಚು ಪೈಪ್ ಹಿಡಿಯುವುದು ಬರೀ 8 ಲೀಟರ್. 6 ಇಂಚಿನದು ಮೀಟರಿಗೆ 18 ಲೀಟರ್ ಹಿಡಿಯುತ್ತದೆ. ಹಾಗಾಗಿ ಒಂದೊಂದು ಕಡೆ 2.2 ಮೀಟರ್ ನಿಲ್ಲಿಸಿ. ಮೇಲಿನಿಂದ ಬಂದ ನೀರು ನೇರ ಅದಕ್ಕೇ ಬೀಳಬೇಕು. ಅದರ ತಲೆಯಲ್ಲಿ ಟೀ ಜಾಯಿಂಟ್ ಹಾಕಿ, ಅಡ್ಡ ಕವಲನ್ನು ಫಿಲ್ಟರಿಗೆ, ಅಲ್ಲಿಂದ ಸಂಪಿಗೆ ಕೊಡಿ. ಪೈಪ್ ತುಂಬಿದ ಮೇಲೆ ಬರುವ ನೀರು ತಾನಾಗಿ ಆ ಕಡೆ ತಿರುಗುತ್ತದೆ. ತಳಕ್ಕೆ ತಿರುಗಿಸಿ ಬಿಚ್ಚುವ ಕ್ಯಾಪ್, ಅದರಲ್ಲಿ ಮಳೆ ನಿಂತ ಮೇಲೆ ಪೈಪ್ ತಾನಾಗಿ ಖಾಲಿಯಾಗಲು 3 ಮಿಲಿಮೀಟರ್ ತೂತು.

ಸಂಪು ತುಂಬಿದಾಗ ಹೆಚ್ಚಿನ ನೀರು ಹೊರಗೆ ಹೋಗುವ ಪೈಪ್ ಒಳಗೆ ಬರುವುದಕ್ಕಿಂತ ಚಿಕ್ಕದಾಗಬಾರದು. ನಮ್ಮದು 2 ಇಂಚು ಇತ್ತು. ಒಂದು ಸಂಜೆ ಮುಚ್ಚಳದ ಸಂದಿಯಿಂದ ನೀರು ಉಕ್ಕಿ ಪೋರ್ಟಿಕೋಗೆ ಹರಡಿತು. ಮಳೆ ಇಳಿದಾಗ ಅಲ್ಲಿನ ಕೆಸರು ವಾಪಸ್ ಸಂಪಿಗೇ ಹೋಯಿತು.

ಕೋಲಾರದಿಂದ: ಬೋರ್‌ವೆಲ್ ಸುತ್ತ ಗುಂಡಿ ತೆಗೆದು ಜಲ್ಲಿ ತುಂಬಿಸಿ, ನಾವು ಹಾಗೇ ಮಾಡಿದ್ದು. ನೀರು ಮೇಲೆ ಬಂತು.

ಉಡುಪಿಯಿಂದ: ಅವರು ಕೇಳಿದ್ದು ಸಂಪಿನ ವಿಷಯ ಮಾರಾಯ್ರೆ. ಆ 3 ಮಿಲಿಮೀಟರ್ ತೂತಿನ ಬಗ್ಗೆ ನನಗೆ ತಕರಾರಿದೆ. ಎರಡು ಮೀಟರ್ ನೀರು ಮೇಲೆ ನಿಂತರೆ ಗಂಟೆಗೆ ನೂರು ಲೀಟರ್ ಹತ್ತಿರ ಸೋರುತ್ತದೆ. ನಮ್ಮಲ್ಲಿ ದಿನವಿಡೀ ಮಳೆ, ಒಳ್ಳೆ ನೀರು ಸುಮ್ನೆ ಪೋಲು. ನಾನು ವಾಲ್ವ್ ಇಟ್ಟಿದ್ದೇನೆ, ಮಳೆ ನಿಂತ ಮೇಲೆ ತೆರೆಯುತ್ತೇನೆ.

ಮೈಸೂರಿನಿಂದ: ಮರೆತರೆ? ತೆರೆದೇ ಬಿಟ್ಟರೆ ಮುಂದಿನ ಮಳೆ ಪೂರ್ತಿ ಮೋರಿಗೆ, ತೆರೆಯದಿದ್ದರೆ ಕೊಳೆಯೆಲ್ಲ ಸಂಪಿಗೆ. ಬೇಕಾದರೆ ತೂತು 2 ಮಿಲಿಮೀಟರಿಗೆ ಇಳಿಸಬಹುದು, ಆದರೆ ಬೇಗ ಕಟ್ಟುತ್ತದೆ.

ಉಡುಪಿಯಿಂದ: ಕಟ್ಟಿದೆಯಾ ಅಂತ ತಿಳಿಯಲು ಎರಡು ದಿನ ಬಿಸಿಲು ಬಿದ್ದ ಮೇಲೆ ಪೈಪನ್ನು ಬೆರಳಿನಿಂದ ತಟ್ಟಿ ನೋಡಿ. ಖಾಲಿಯಿದ್ದರೆ ಟೊಳ್ಳು ಸದ್ದು. ಮಂದವಾಗಿ ಕೇಳಿದರೆ ನೀರು ನಿಂತಿದೆ, ಕ್ಯಾಪ್ ಬಿಚ್ಚಿ ತೊಳೆಯಿರಿ.

ತುಮಕೂರಿನಿಂದ: 4 ಇಂಚು ಎರಡು ಹಾಕಿಸುತ್ತೇನೆ. ಒಂದು ಕಡೆ ಕಿಟಕಿ ಅಡ್ಡ, ಫಸ್ಟ್ ಫ್ಲಶ್ ಪೈಪಿಗೆ 1.2 ಮೀಟರ್ ಮಾತ್ರ ಸಿಗುತ್ತದೆ. ಏನು ಮಾಡಲಿ?

ಮೈಸೂರಿನಿಂದ: 21 ಲೀಟರ್, ಅಂದರೆ ಅರ್ಧ ಮಿಲಿಮೀಟರ್. ಮರ ಇಲ್ಲದಿದ್ದರೆ ನಡೆಯುತ್ತದೆ, ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಿ. ಪಾರಿವಾಳ ಕೂರುತ್ತವಾ ಆ ಕಡೆ? ಹಾಗಿದ್ದರೆ ನನಗೆ ಅಷ್ಟು ಧೈರ್ಯವಿಲ್ಲ.