ಫೋನಿನಲ್ಲಿ ಆಯಿಗೆ ‘ಸರ್’, ಅಪ್ಪನಿಗೆ ‘ಮೇಡಂ’: ಇದು ವಯಸ್ಸಿನ ದನಿಯಾ?

ಪ್ರಶ್ನೆ (ಶಿರಸಿ): ಮೇಡಂ, ಆಯಿಗೆ 62, ಅಪ್ಪನಿಗೆ 74. ಈಗೀಗ ಗುರುತಿಲ್ಲದವರು ಫೋನ್ ಮಾಡಿದರೆ ಆಯಿಗೆ ‘ಸರ್’ ಅಂತಾರೆ, ಅಪ್ಪನಿಗೆ ‘ಮೇಡಂ’ ಅಂತಾರೆ. ಅಪ್ಪ ಬೇಜಾರಾಗಿ ಫೋನ್ ಎತ್ತುವುದನ್ನೇ ಬಿಟ್ಟಿದ್ದಾರೆ. ಇದು ವಯಸ್ಸಿನಿಂದ ಆಗುವುದಾ, ಅಥವಾ ಯಾರಿಗಾದರೂ ತೋರಿಸಬೇಕಾ?

ನಿವೃತ್ತ ಮಾಸ್ತರರು (ಅಂಕೋಲಾ): ವಯಸ್ಸಾದ ಹಾಗೆ ಎಲ್ಲರ ದನಿಯೂ ದಪ್ಪ ಆಗುತ್ತದೆ. ಹಾಗಾಗಿ ನಿಮ್ಮ ಆಯಿಯದು ಸಹಜ. ಅಪ್ಪನ ದನಿ ತೆಳ್ಳಗಾಗಿದೆ ಅಂದರೆ ಅಲ್ಲೇ ಏನೋ ತೊಂದರೆ ಇದೆ. ಅವರನ್ನು ಮೊದಲು ತೋರಿಸಿ.

ವಾಕ್ ಚಿಕಿತ್ಸಕಿ (ಕಾರವಾರ): ಮಾಸ್ತರೇ, ಹೆಂಗಸರ ಮಟ್ಟಿಗೆ ನಿಮ್ಮ ಮಾತು ಸರಿ. ಮುಟ್ಟು ನಿಂತ ಮೇಲೆ ಹಾರ್ಮೋನು ಬದಲಾಗಿ ಧ್ವನಿತಂತುಗಳು ಸ್ವಲ್ಪ ದಪ್ಪಗಾಗುತ್ತವೆ. ತೂಕ ಹೆಚ್ಚಿದ ತಂತು ನಿಧಾನವಾಗಿ ಕಂಪಿಸುತ್ತದೆ, ದನಿ ಇಳಿಯುತ್ತದೆ.

ಗಂಡಸರಲ್ಲಿ ಆಗುವುದು ಬೇರೆ. ಅರವತ್ತು, ಎಪ್ಪತ್ತು ದಾಟಿದ ಮೇಲೆ ತಂತುವಿನೊಳಗಿನ ಸ್ನಾಯು ಸವೆದು ತೆಳ್ಳಗಾಗುತ್ತದೆ. ತೆಳುವಾದ ತಂತು ಬೇಗ ಬೇಗ ಕಂಪಿಸುತ್ತದೆ, ದನಿ ಮೇಲಕ್ಕೆ ಹೋಗುತ್ತದೆ. ತಂತುಗಳ ಅಂಚು ಬಿಲ್ಲಿನ ಹಾಗೆ ಬಾಗಿ, ನಡುವೆ ಸಂದು ಉಳಿಯುತ್ತದೆ. ಅಲ್ಲಿಂದ ಗಾಳಿ ಸೋರುವುದರಿಂದ ದನಿಗೆ ಗಟ್ಟಿತನ ಇರುವುದಿಲ್ಲ. ಅಂದರೆ ನಡುವಯಸ್ಸಿನಲ್ಲಿ ದೂರ ಇದ್ದ ಗಂಡು ದನಿ, ಹೆಣ್ಣು ದನಿ ಮುಪ್ಪಿನಲ್ಲಿ ಹತ್ತಿರ ಬರುತ್ತವೆ.

ಆದರೆ ಇಷ್ಟರಿಂದಲೇ ತೀರ್ಮಾನ ಮಾಡಲಾರೆ. ಒಂದು ಕೆಲಸ ಮಾಡಿ. ಇಬ್ಬರೂ ದಿನಪತ್ರಿಕೆಯ ಒಂದೇ ಸುದ್ದಿಯನ್ನು ಮಾಮೂಲಿ ದನಿಯಲ್ಲಿ ಓದಲಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಉಸಿರು ತುಂಬಿಕೊಂಡು ‘ಆ’ ಎಂದು ಆದಷ್ಟು ಹೊತ್ತು ಎಳೆಯಲಿ. ಮೂರು ಸಲ ಎಳೆಸಿ, ಉದ್ದದ್ದನ್ನು ಬರೆದುಕೊಳ್ಳಿ. ಇನ್ನೊಂದು ಮುಖ್ಯ ಪ್ರಶ್ನೆ: ದನಿ ಬದಲಾಗಲು ಎಷ್ಟು ಕಾಲ ಹಿಡಿಯಿತು?

ಮೀನು ವ್ಯಾಪಾರದ ಮನೆಯವರು (ಕಾರವಾರ): ನಮ್ಮ ಅಮ್ಮನಿಗೂ ಇದೇ ತೊಂದರೆ. ವರ್ಷಗಟ್ಟಲೆ ಪೇಟೆಯಲ್ಲಿ ಕೂಗಿ ಮೀನು ಮಾರಿದ್ದಾರೆ. ಈಗಿನ್ನೂ 45, ಆದರೆ ಫೋನಿನಲ್ಲಿ ಕೇಳಿದವರು ಅಜ್ಜಿ ಅಂದುಕೊಳ್ಳುತ್ತಾರೆ. ಕೂಗಿದರೆ ವಯಸ್ಸು ಬೇಗ ಆಗುತ್ತದಾ?

ವಾಕ್ ಚಿಕಿತ್ಸಕಿ: ಕೂಗಿದರೆ ವಯಸ್ಸಾಗುವುದಿಲ್ಲ. ಆದರೆ ತಂತುಗಳು ಒಂದಕ್ಕೊಂದು ಜೋರಾಗಿ ಬಡಿದು ಬಾವು ಬರಬಹುದು, ಸಣ್ಣ ಗಂಟು ಏಳಬಹುದು. ಆಗ ದನಿ ಒರಟಾಗಿ ತಗ್ಗುತ್ತದೆ. ಕೇಳುವವರ ಕಿವಿಗೆ ಅದು ಮುಪ್ಪಿನ ಹಾಗೇ ಕೇಳುತ್ತದೆ. ಬೀಡಿ ಸಿಗರೇಟಿನಿಂದಲೂ ಹೀಗಾಗುತ್ತದೆ. ಬರೀ ದನಿ ಕೇಳಿ ವಯಸ್ಸು ಹೇಳುವವರು ಹತ್ತು ವರ್ಷ ಆಚೀಚೆ ಹೇಳುವುದು ಮಾಮೂಲು. ನಿಮ್ಮ ಅಮ್ಮನಿಗೆ ಮಾತಿನ ವೇಗ ಹೇಗಿದೆ? ಒಂದೇ ಉಸಿರಿನಲ್ಲಿ ಉದ್ದ ವಾಕ್ಯ ಹೇಳುತ್ತಾರಾ?

ಮೀನು ವ್ಯಾಪಾರದ ಮನೆಯವರು: ಅಯ್ಯೋ, ಅವರ ಮಾತಿನ ನಡುವೆ ನಮಗೆ ಬಾಯಿ ಹಾಕಲೂ ಜಾಗ ಸಿಗುವುದಿಲ್ಲ.

ವಾಕ್ ಚಿಕಿತ್ಸಕಿ: ಹಾಗಿದ್ದರೆ ಅದು ವಯಸ್ಸಿನ ಮಾತಲ್ಲ, ದನಿಯ ಮೇಲೆ ಬಿದ್ದ ಹೊರೆ. ಒರಟುತನ ಮೂರು ವಾರಕ್ಕಿಂತ ಜಾಸ್ತಿ ಇದ್ದರೆ ಇಎನ್‌ಟಿ ವೈದ್ಯರು ಕ್ಯಾಮೆರಾ ಹಾಕಿ ತಂತು ನೋಡಬೇಕು. ಅದನ್ನು ಮುಂದೂಡಬೇಡಿ.

ಪ್ರಶ್ನೆ ಕೇಳಿದವರು: ರೆಕಾರ್ಡಿಂಗ್ ನಿಮಗೆ ಕಳಿಸಿದ್ದೇನೆ. ‘ಆ’ ಆಯಿಗೆ 14 ಸೆಕೆಂಡ್, ಅಪ್ಪನಿಗೆ 9. ಅಪ್ಪನ ದನಿ ನಾಲ್ಕೈದು ವರ್ಷದಿಂದ ನಿಧಾನವಾಗಿ ಬದಲಾಗಿದೆ. ಆಯಿಯದು ಹೋದ ದೀಪಾವಳಿವರೆಗೂ ಚೆನ್ನಾಗಿತ್ತು. ಆಮೇಲೆ ಐದಾರು ತಿಂಗಳಲ್ಲಿ ಇಳಿದುಬಿಟ್ಟಿತು.

ವಾಕ್ ಚಿಕಿತ್ಸಕಿ: ಕೇಳಿದೆ, ಅಳೆದೂ ನೋಡಿದೆ. ದೊಡ್ಡ ಗಂಡಸರ ಮಾತಿನ ದನಿ ಸುಮಾರು 100ರಿಂದ 130 ಹರ್ಟ್ಸ್ ಇರುತ್ತದೆ, ಹೆಂಗಸರದು 190ರಿಂದ 220. ನಿಮ್ಮ ಅಪ್ಪನದು 150 ಹತ್ತಿರ, ಆಯಿಯದು 160 ಹತ್ತಿರ ಇದೆ. ಈ ನಡುವಿನ ಜಾಗದಲ್ಲಿ ಯಾರ ಕಿವಿಯೂ ಗಲಿಬಿಲಿಯಾಗುತ್ತದೆ. ಮಾಮೂಲಿ ಫೋನ್ ಲೈನು 300 ಹರ್ಟ್ಸಿಗಿಂತ ಕೆಳಗಿನದನ್ನು ಕತ್ತರಿಸುತ್ತದೆ. ಕೇಳುವವರು ದನಿಯಲ್ಲಿ ಅದಕ್ಕಿಂತ ಮೇಲಿರುವ ಕಂಪನಗಳಿಂದ ಊಹಿಸಿಕೊಳ್ಳಬೇಕು. ಅದಕ್ಕೇ ಎದುರಿಗೆ ಆಗದ ತಪ್ಪು ಫೋನಿನಲ್ಲಿ ಆಗುತ್ತದೆ.

ಈಗ ಅಪ್ಪನ ಓದು ಗಮನಿಸಿ. ‘ಜಿಲ್ಲಾಧಿಕಾರಿ ಅವರು’ ಎಂದು ಉಸಿರು, ‘ಸಭೆಯಲ್ಲಿ’ ಎಂದು ಮತ್ತೆ ಉಸಿರು. ವಾಕ್ಯ ಮುಗಿಯುವ ಮೊದಲೇ ಗಾಳಿ ಖಾಲಿ. ಒಂದು ಕಡೆ ಸಂದಿನಿಂದ ಸೋರುತ್ತದೆ, ಇನ್ನೊಂದು ಕಡೆ ಶ್ವಾಸಕೋಶದ ಬಲವೂ ಮೊದಲಿನಷ್ಟಿಲ್ಲ. ‘ಆ’ 9 ಸೆಕೆಂಡಿಗೇ ನಿಂತದ್ದೂ ಇದಕ್ಕೆ ಹೊಂದುತ್ತದೆ. ಅಕ್ಷರ ಮಾತ್ರ ಸ್ಪಷ್ಟ, ಏರಿಳಿತವೂ ಇದೆ. ವರ್ಷಗಟ್ಟಲೆ ನಿಧಾನವಾಗಿ ಬಂದದ್ದು ಬೇರೆ. ಇವೆಲ್ಲ ಸೇರಿದರೆ ವಯಸ್ಸಿನ ದನಿ ಅನ್ನಬಹುದು.

ಆಯಿಯದು ನನಗೆ ಯೋಚನೆ ತರಿಸಿದೆ. ದನಿ ತಗ್ಗಿದೆ, ಒರಟಾಗಿದೆ. ಓದು ಮಾತ್ರ ಚುರುಕು, ಉಸಿರು ವಾಕ್ಯದ ಕೊನೆಗೇ ಬರುತ್ತದೆ. ವಯಸ್ಸಿನಿಂದ ಇಳಿಯುವ ದನಿ ಐದಾರು ತಿಂಗಳಲ್ಲಿ ಇಷ್ಟು ಇಳಿಯುವುದಿಲ್ಲ. ಅವರಿಗೆ ಸುಸ್ತು, ಚಳಿ ತಡೆಯದಿರುವುದು, ತೂಕ ಏರಿದ್ದು, ಏನಾದರೂ ಇದೆಯಾ?

ಪ್ರಶ್ನೆ ಕೇಳಿದವರು: ಸುಸ್ತು ಅಂತ ದಿನಾ ಹೇಳುತ್ತಾರೆ. ತೂಕವೂ ಏರಿದೆ. ಮನೆಕೆಲಸ ಜಾಸ್ತಿಯಾಗಿ ಸುಸ್ತು ಅಂದುಕೊಂಡಿದ್ದೆವು.

ವಾಕ್ ಚಿಕಿತ್ಸಕಿ: ಥೈರಾಯ್ಡ್ ಕಡಿಮೆಯಾದರೂ ತಂತುಗಳು ಊದಿ ದನಿ ತಗ್ಗುತ್ತದೆ. ಈ ವಾರವೇ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಅದರ ಜೊತೆಗೇ ಇಎನ್‌ಟಿ ವೈದ್ಯರಿಗೆ ತೋರಿಸಿ, ವರದಿಗಾಗಿ ಕಾಯಬೇಡಿ. ಕಾರಣ ಥೈರಾಯ್ಡೇ ಅಂತ ಫೋನಿನ ರೆಕಾರ್ಡಿಂಗ್ ಕೇಳಿ ಹೇಳಲು ಬರುವುದಿಲ್ಲ.

ಹವ್ಯಾಸಿ ಭಾಗವತರು (ಹೊನ್ನಾವರ): ಮೇಡಂ, ನನಗೆ 66. ಮಾತಿನ ದನಿ ಸ್ವಲ್ಪ ಮೇಲೇರಿದೆ ಅಂತ ಮನೆಯವರು ಹೇಳುತ್ತಾರೆ. ಹಾಗಾದರೆ ಪದ್ಯ ಹೇಳುವಾಗ ಮೇಲಿನ ಸ್ವರ ಸುಲಭ ಆಗಬೇಕಿತ್ತಲ್ವಾ? ಈಗ ಕಪ್ಪು ಮೂರು ಬಿಟ್ಟು ಬಿಳಿ ನಾಲ್ಕಕ್ಕೆ ಇಳಿದಿದ್ದೇನೆ, ಆದರೂ ಎಳೆಯಲು ಆಗುತ್ತಿಲ್ಲ.

ವಾಕ್ ಚಿಕಿತ್ಸಕಿ: ಮಾತಿನ ದನಿ ಏರಿದರೂ ಹಾಡಿನ ತುದಿ ಏರುವುದಿಲ್ಲ. ಮೇಲಿನ ಸ್ವರಕ್ಕೆ ತಂತುಗಳನ್ನು ಬಿಗಿಯಾಗಿ ಎಳೆಯಬೇಕು. ಗಂಟಲಿನ ಮೃದ್ವಸ್ಥಿ ವಯಸ್ಸಿನ ಜೊತೆ ಎಲುಬಾಗುತ್ತಾ ಬಂದು ಆ ಚಲನೆ ಬಿಗಿಯುತ್ತದೆ. ಹೀಗೆ ಮೇಲೂ ಕೆಳಗೂ ಜಾಗ ಕಡಿಮೆ. ಅರ್ಧ ಸ್ವರ ಇಳಿಸಿದ್ದು ಸರಿ. ಆದರೆ ನಿಮ್ಮದು ಶ್ರುತಿಯ ತೊಂದರೆಯಾ, ಉಸಿರಿನದ್ದಾ ಅಂತ ನೋಡಬೇಕು. ಬರೀ ‘ಆ’ ಎಷ್ಟು ಸೆಕೆಂಡ್ ಬರುತ್ತದೆ ಹೇಳಿ.

ನಿವೃತ್ತ ಮಾಸ್ತರರು: ನಾನು ಅಪ್ಪನನ್ನು ಮೊದಲು ತೋರಿಸಿ ಅಂದಿದ್ದೆ. ಹಾಗಾದರೆ ಅವರಿಗೆ ಏನೂ ಮಾಡುವುದು ಬೇಡವಾ?

ವಾಕ್ ಚಿಕಿತ್ಸಕಿ: ಮಾಡಬಹುದು ಮಾಸ್ತರೇ. ಸಂದು ಸ್ವಲ್ಪವೇ ಇದ್ದರೆ ಧ್ವನಿ ವ್ಯಾಯಾಮದಿಂದ ದನಿ ಗಟ್ಟಿಯಾಗುತ್ತದೆ. ಸಂದು ಎಷ್ಟಿದೆ ಅಂತ ಕ್ಯಾಮೆರಾದಲ್ಲಿ ನೋಡಿದ ಮೇಲೆಯೇ ಯಾವ ವ್ಯಾಯಾಮ ಎಂದು ಹೇಳಬಹುದು. ಅವರ ಕೈ ನಡುಗುವುದು, ಬರೆಯುವ ಅಕ್ಷರ ಸಣ್ಣದಾಗುವುದು, ನಡಿಗೆ ನಿಧಾನವಾಗುವುದು ಕಂಡರೆ ಪಾರ್ಕಿನ್ಸನ್ ಅನುಮಾನಕ್ಕೆ ನರರೋಗ ತಜ್ಞರನ್ನು ಕಾಣಬೇಕು. ಮಾತು ಒಮ್ಮೆಲೇ ತೊದಲಿದರೆ ಅದು ಲಕ್ವದ ಸೂಚನೆ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಪ್ರಶ್ನೆ ಕೇಳಿದವರು: ಅಪ್ಪನ ಅಕ್ಷರ ಮೊದಲಿನಂತೆಯೇ ಇದೆ. ನಾಳೆ ಬೆಳಿಗ್ಗೆ ಆಯಿಯ ರಕ್ತ ಕೊಡಿಸುತ್ತೇವೆ. 1998ರ ಅಕ್ಕನ ಮದುವೆ ಕ್ಯಾಸೆಟ್ಟಿನಲ್ಲಿ ಇಬ್ಬರ ಮಾತೂ ಇದೆ. ಅದು ಉಪಯೋಗಕ್ಕೆ ಬರುತ್ತದಾ?

ವಾಕ್ ಚಿಕಿತ್ಸಕಿ: ಖಂಡಿತ. ಬೇರೆಯವರ ದನಿಯ ಜೊತೆ ಹೋಲಿಸುವುದಕ್ಕಿಂತ ಅವರದೇ ಹಳೇ ದನಿ ಒಳ್ಳೆಯದು. ಆದರೆ ಕ್ಯಾಸೆಟ್ ಪ್ಲೇಯರ್ ವೇಗವಾಗಿ ಓಡಿದರೆ ದನಿಯೂ ಸುಳ್ಳೇ ಮೇಲೇರುತ್ತದೆ. ಅದರಲ್ಲಿ ಹಾರ್ಮೋನಿಯಂ ನುಡಿಸಿದ ಭಾಗ ಇದ್ದರೆ ಅದನ್ನೂ ಸೇರಿಸಿ ಕಳಿಸಿ. ಅದೇ ಪೆಟ್ಟಿಗೆ ಈಗಲೂ ಇದ್ದರೆ ಅದರ ಶ್ರುತಿಯನ್ನೂ ಕಳಿಸಿ. ಎರಡನ್ನೂ ಹೋಲಿಸಿ ವೇಗ ಸರಿಪಡಿಸಿಕೊಳ್ಳುತ್ತೇನೆ.