ಕಾಯಕ, ದಾಸೋಹ, ಅನುಭವ: ಇಂಗ್ಲಿಷಿಗೆ ತಂದವರು ಏನು ಮಾಡಿದಿರಿ?

ಕೇಳಿದವರು: ನಾನು ಅಮೆರಿಕದಲ್ಲಿದ್ದೇನೆ. ಬಸವ ಜಯಂತಿಗೆ ಇಲ್ಲಿ ಹುಟ್ಟಿದ ಮಕ್ಕಳಿಗಾಗಿ ಹತ್ತು ವಚನಗಳ ಕಿರುಪುಸ್ತಕ ಮಾಡ್ತಿದ್ದೇವೆ. ಕಾಯಕ, ದಾಸೋಹ, ಅನುಭವ ಬಂದಲ್ಲೆಲ್ಲ ಸಿಕ್ಕಿಹಾಕಿಕೊಳ್ತೇನೆ. ಹಾಗೇ ಬಿಡಲಾ, ಅನುವಾದ ಮಾಡಲಾ? ಅನುಭವ ಇದ್ದವರು ಹೇಳಿ.

ಹುಬ್ಬಳ್ಳಿ ಹುಡುಗ: ಕಾಯಕಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ? 'ಕಾಯಕವೇ ಕೈಲಾಸ' ಅಂದ್ರೆ 'ವರ್ಕ್ ಈಸ್ ವರ್ಶಿಪ್'. ಬಸವಣ್ಣನ ಆ ಮಾತು ನಮ್ಮ ಆಫೀಸಿನ ಗೋಡೆ ಮೇಲೆ ಎರಡೂ ಭಾಷೆಯಲ್ಲಿದೆ. ಮಕ್ಕಳಿಗೆ ತಕ್ಷಣ ಅರ್ಥ ಆಗುತ್ತೆ.

ನಿವೃತ್ತ ಮೇಷ್ಟ್ರು: ತಕ್ಷಣ ಅರ್ಥ ಆಗುತ್ತೆ ಅನ್ನೋದು ನಿಜ, ತಮ್ಮಾ. ತೊಂದರೆ ಇರೋದೇ ಅಲ್ಲಿ. ನಾನೂ ಮೊದಲು ಹಾಗೇ ಬರೆದಿದ್ದೆ. ಆಮೇಲೆ ಪೂರ್ತಿ ವಚನ ಅನುವಾದ ಮಾಡಲು ಕೂತಾಗ ಸಿಕ್ಕಿಬಿದ್ದೆ. ಮೊದಲನೆಯದಾಗಿ, ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಹೀಗಿದೆ ನೋಡಿ:

"ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು, ಜಂಗಮ ಮುಂದೆ ನಿಂದಿದ್ದಡೂ ಹಂಗು ಹರಿಯಬೇಕು. ಕಾಯಕವೆ ಕೈಲಾಸವಾದ ಕಾರಣ, ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು."

ಎರಡನೇ ಮಾತು ಏನು? ಲಿಂಗಪೂಜೆಯನ್ನೂ ಮರೆಯಬೇಕು. ಪೂಜೆ ಮರೆತುಬಿಡು ಅಂದವನ ಬಾಯಲ್ಲಿ ಎರಡು ಸಾಲು ಆದಮೇಲೆ 'ವರ್ಶಿಪ್' ಅಂತ ಹಾಕಿದರೆ ಹೇಗೆ? 'ವರ್ಕ್ ಈಸ್ ವರ್ಶಿಪ್' ಅಂದಾಗ ಪೂಜೆ ದೊಡ್ಡದು, ಕೆಲಸವೂ ಅದಕ್ಕೆ ಸಮ ಅಂತಾಗುತ್ತೆ. ಮಾರಯ್ಯ ಅಳತೆಗೋಲನ್ನೇ ತಿರುಗಿಸಿ ಹಿಡಿದಿದ್ದಾನೆ. ಲಿಂಗವೂ ಕಾಯಕದ ಒಳಗೇ ಅಂತಾನೆ. ಕೊನೆಯ ಆ ಸಾಲನ್ನು ಬಿಟ್ಟು ಗೋಡೆ ಮೇಲೆ ಬರೆದದ್ದಕ್ಕೇ ಅದು ಆಫೀಸಿನ ಮಾತಾಯಿತು.

ನಾನು ಕೊನೆಗೆ ಕಾಯಕ, ಕೈಲಾಸ ಎರಡನ್ನೂ ಹಾಗೇ ಉಳಿಸಿದೆ. 'ಹೆವನ್' ಹಾಕಲಿಲ್ಲ. ಅದು ಸತ್ತ ಮೇಲೆ ಹೋಗುವ ಜಾಗ ಅಂತ ಅಲ್ಲಿನ ಮಕ್ಕಳಿಗೆ ಗೊತ್ತು. ಈ ವಚನದಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ಮೊದಲ ಸಾಲಿನಲ್ಲಿ ಮಾತ್ರ 'ಕಾಯಕ, ದ ವರ್ಕ್ ಆಫ್ ಮೈ ಹ್ಯಾಂಡ್ಸ್' ಅಂತ ಸಾಲಿನೊಳಗೇ ಸೇರಿಸಿದೆ. ಅಡಿಟಿಪ್ಪಣಿಯನ್ನು ಯಾವ ಮಗು ಓದುತ್ತೆ? ಮುಂದಿನ ಸಾಲುಗಳಲ್ಲಿ ಬರೀ ಕಾಯಕ. ಅಷ್ಟು ಹೊತ್ತಿಗೆ ವಚನವೇ ಅದರ ಅರ್ಥ ಹೇಳಿಕೊಟ್ಟಿರುತ್ತೆ.

ನಿಜಕ್ಕೂ ನನಗೆ ಕಷ್ಟ ಕೊಟ್ಟದ್ದು 'ಹಂಗು'. 'ಆಬ್ಲಿಗೇಶನ್' ಅಂದ್ರೆ ಕೋರ್ಟ್ ಕಾಗದದ ಭಾಷೆ. 'ಓ ಹಿಮ್ ನಥಿಂಗ್' ಅಂತ ಮಾಡಿದ್ದೇನೆ. ಪೂರ್ತಿ ಸಮಾಧಾನ ಇಲ್ಲ.

ಪುಸ್ತಕದ ಅಂಗಡಿ: ಹಾಗೇ ಬಿಡುವವರಿಗೆ ಒಂದು ಎಚ್ಚರಿಕೆ. ನಮ್ಮ ಸ್ಮರಣ ಸಂಚಿಕೆಯಲ್ಲಿ ಕಾಯಕ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಟ್ಟಿದ್ದೆವು. ಕಂಪ್ಯೂಟರಿನ ಸ್ಪೆಲ್ಲಿಂಗ್ ತಿದ್ದುವ ವ್ಯವಸ್ಥೆ ಕೊನೆಯ ಅಕ್ಷರ ಕಿತ್ತುಹಾಕಿ ನಾಲ್ಕು ಕಡೆ 'ಕಯಾಕ್' ಮಾಡಿತ್ತು. ಅಂದ್ರೆ ಹುಟ್ಟು ಹಾಕುವ ದೋಣಿ. ಅಚ್ಚಾಗಿ ಬಂದ ಮೇಲೆ ನೋಡಿದೆವು. ದೋಣಿಯೇ ಕೈಲಾಸ! ಮೊದಲು ಆ ತಿದ್ದುವಿಕೆ ಆಫ್ ಮಾಡಿ.

ಕೊಪ್ಪಳದ ಅಕ್ಕ: ದಾಸೋಹದ ಬಗ್ಗೆ ನನ್ನದೊಂದು ಕಥೆ. ಬೋರ್ಡಿಗೆ ಏನು ಬರೆಸಬೇಕು ಅಂತ ಕೇಳ್ತಿದ್ದೀರಿ ಅಲ್ವಾ? ನಮ್ಮೂರ ಮಠದಲ್ಲಿ ಹೊರಗಿನವರಿಗಾಗಿ 'ಫ್ರೀ ಮೀಲ್ಸ್' ಅಂತ ಬರೆಸಿದ್ದರು. ನಾಲ್ಕು ದಿನಕ್ಕೆ ಅಳಿಸಿದರು. ಬಂದವರು ಟೋಕನ್ ಎಲ್ಲಿ, ಬಡವರಿಗೆ ಮಾತ್ರಾನಾ ಅಂತ ಕೇಳೋಕೆ ಶುರು ಮಾಡಿದರು. ಪ್ರತಿ ವರ್ಷ ಒಂದು ಚೀಲ ಜೋಳ ತರುವ ಅಜ್ಜಿಯೊಬ್ಬರು ಮೊಮ್ಮಗನಿಂದ ಅದನ್ನು ಓದಿಸಿಕೊಂಡು, "ಪುಕ್ಕಟೆ ಯಾರಿಗವ್ವಾ? ನಾನೂ ಇಲ್ಲೇ ಉಣ್ತೀನಿ" ಅಂದರು. ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ರೊಟ್ಟಿ ಹೇರಿಕೊಂಡು ಬರ್ತಾರಲ್ಲ, ಅವರೂ ಅಲ್ಲೇ ಸಾಲಿನಲ್ಲಿ ಕೂತು ಉಣ್ತಾರೆ. ಕೊಟ್ಟವರು ಯಾರು, ಉಂಡವರು ಯಾರು?

ನಿವೃತ್ತ ಮೇಷ್ಟ್ರು: ಅಕ್ಕಾ, ಅವರು ಕೇಳಿದ್ದು ಬೋರ್ಡಿನ ಬಗ್ಗೆ ಅಲ್ಲ. ಆದರೆ ಆ ಅಜ್ಜಿಯ ಮಾತು ಬಹಳ ಅನುವಾದಕರಿಗಿಂತ ಮೇಲು. 'ಚಾರಿಟಿ' ಅಂದ ತಕ್ಷಣ ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ ಆಗುತ್ತೆ. ದಾಸೋಹದಲ್ಲಿ ದಾಸ ಇರೋದು ಕೊಡುವವನ ಕಡೆ. 'ಸೋಹಂ', ಅಂದ್ರೆ ಅವನೇ ನಾನು ಅನ್ನುವ ಮಾತಿನ ಮುಂದೆ ಒಂದು 'ದಾ' ಸೇರಿಸಿದರೆ 'ದಾಸೋಹಂ', ನಾನು ದಾಸ. ಒಂದೇ ಅಕ್ಷರದಲ್ಲಿ ಸೊಕ್ಕು ಇಳಿಯುತ್ತೆ. ಇಂಗ್ಲಿಷಿನಲ್ಲಿ ಆ ಆಟ ಆಡೋಕೆ ಆಗಲ್ಲ, ನಾನು ಕೈಬಿಟ್ಟೆ.

ನಿಮ್ಮ ಪುಸ್ತಕಕ್ಕೆ ಒಂದು ದಾರಿ ಇದೆ. ಮಾರಯ್ಯನ ವಚನದ ಪಕ್ಕದಲ್ಲೇ ಅವನ ಹೆಂಡತಿ ಲಕ್ಕಮ್ಮನದನ್ನು ಹಾಕಿ. ಬಿದ್ದ ಅಕ್ಕಿ ಆಯ್ದು ತರುವುದು ಅವನ ಕಾಯಕ, ಅದರಲ್ಲೇ ಜಂಗಮರಿಗೆ ಊಟ. ಒಂದು ದಿನ ಜಾಸ್ತಿ ತಂದ. ಅವಳು ಬೈದಳು: "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ." ಇಷ್ಟೊಂದು ಅಕ್ಕಿಯ ಆಸೆ ಯಾಕೆ ಅಂತ. ಜಾಸ್ತಿ ಇದ್ದರೆ ಜಾಸ್ತಿ ಜನಕ್ಕೆ ಹಾಕಬಹುದಲ್ಲ ಅಂತ 'ಚಾರಿಟಿ' ಕೇಳುತ್ತೆ. ಲಕ್ಕಮ್ಮ ಒಪ್ಪಲ್ಲ. ಅವತ್ತಿನ ದುಡಿಮೆಯದಷ್ಟೇ ದಾಸೋಹಕ್ಕೆ ಸಲ್ಲುತ್ತೆ. ಈ ಎರಡು ವಚನ ಜೊತೆಗಿದ್ದರೆ ಎರಡು ಪದಕ್ಕೂ ಬೇರೆ ವಿವರಣೆ ಬೇಡ.

ಧಾರವಾಡದವಳು: ಅನುಭವದ ಬಗ್ಗೆ ಯಾರೂ ಮಾತಾಡ್ಲಿಲ್ಲ. ಅಲ್ಲಿ ಎರಡು ಪದ ಇವೆ, ದಿನದ ಬದುಕಿನ ಅನುಭವ ಮತ್ತು ದೈವವನ್ನು ಕಂಡುಕೊಳ್ಳುವ ಅನುಭಾವ. ಎ.ಕೆ. ರಾಮಾನುಜನ್ 1973ರ ಇಂಗ್ಲಿಷ್ ಪುಸ್ತಕದ ಮುನ್ನುಡಿಯಲ್ಲೇ ಇವನ್ನು ಬೇರೆ ಮಾಡಿ ತೋರಿಸಿದ್ದಾರೆ. ನಮ್ಮಲ್ಲಿ ಒಂದು ದೀರ್ಘದ ವ್ಯತ್ಯಾಸ. ಇಂಗ್ಲಿಷ್ ಅಕ್ಷರದಲ್ಲಿ ಮೇಲೆ ಗೆರೆ ಹಾಕದಿದ್ದರೆ ಎರಡೂ ಒಂದೇ ಆಗಿಬಿಡುತ್ತವೆ. ಹಾಗಾಗಿ ಇದೊಂದನ್ನು ಸುಮ್ನೆ ಹಾಗೇ ಬಿಡೋಕೆ ಬರಲ್ಲ. ಗೆರೆ ಹಾಕಿ, ಇಲ್ಲವೇ ಅನುವಾದಿಸಿ.

ಹುಬ್ಬಳ್ಳಿ ಹುಡುಗ: ಅನುಭವ ಮಂಟಪಕ್ಕೆ 'ಹಾಲ್ ಆಫ್ ಎಕ್ಸ್‌ಪೀರಿಯನ್ಸ್' ಅಂತಾರೆ. ನಮ್ಮ ಕಂಪನಿಯ ಶೋರೂಮಿಗೂ ಅದೇ ಥರದ ಹೆಸರಿದೆ. ಮಾಲು ಮುಟ್ಟಿ ನೋಡುವ ಜಾಗ. 'ಪಾರ್ಲಿಮೆಂಟ್' ವಾಸಿ ಅಲ್ವಾ ಸರ್?

ನಿವೃತ್ತ ಮೇಷ್ಟ್ರು: ಪಾರ್ಲಿಮೆಂಟ್ ಬೇಡ. ಅಲ್ಲಿ ಮತ ಹಾಕಿ ಕಾನೂನು ಮಾಡ್ತಾರೆ. 15ನೇ ಶತಮಾನದ ಶೂನ್ಯಸಂಪಾದನೆ ಓದಿದರೆ ಸಿಗುವುದು ಮಾತುಕತೆ. ಅಲ್ಲಮ ಪ್ರಶ್ನೆ ಹಾಕ್ತಾನೆ, ಎದುರಿಗಿದ್ದವರು ಬದುಕಿನಿಂದ ಉತ್ತರ ಕೊಡ್ತಾರೆ. ಅಕ್ಕಮಹಾದೇವಿಯನ್ನೂ ಹಾಗೇ ಕೆಣಕಿ ಕೇಳ್ತಾನೆ. ನನಗೆ ಅನುಭಾವ ಅಂದ್ರೆ ಆ ಒರೆಗೆ ಹಚ್ಚುವುದೂ ಸೇರಿದೆ. 'ಮಿಸ್ಟಿಕಲ್ ಎಕ್ಸ್‌ಪೀರಿಯನ್ಸ್' ಅಂದ್ರೆ ಗುಹೆಯಲ್ಲಿ ಒಬ್ಬನೇ ಕಣ್ಣು ಮುಚ್ಚಿ ಕೂತ ಹಾಗೆ ಕಾಣುತ್ತೆ.

ಧಾರವಾಡದವಳು: ಇಲ್ಲಿ ನಾನು ಒಪ್ಪಲ್ಲ ಸರ್. ಅಕ್ಕನ ವಚನಗಳಲ್ಲಿ ಒಬ್ಬಳೇ ಇರುವ ಗಳಿಗೆಗಳೂ ಇವೆ. ಎಲ್ಲವನ್ನೂ ಗೋಷ್ಠಿ ಮಾಡಿದರೆ ಆಕೆ ಕಳೆದುಹೋಗ್ತಾಳೆ. ಒಂದೇ ಇಂಗ್ಲಿಷ್ ಪದ ಹತ್ತೂ ವಚನಕ್ಕೆ ಸಾಕಾಗಲ್ಲ.

ಕೇಳಿದವರು: ಮಾರಯ್ಯ, ಲಕ್ಕಮ್ಮ ಎದುರುಬದುರು ಪುಟದಲ್ಲಿ ಬರ್ತಾರೆ. ಕಾಯಕ, ದಾಸೋಹ ಹಾಗೇ ಇರುತ್ತವೆ. ಅನುಭಾವಕ್ಕೆ ಮೇಲೆ ಗೆರೆ ಹಾಕಿ ಇಟ್ಟಿದ್ದೇನೆ. ನಿನ್ನೆ ಮಗಳಿಗೆ ಓದಿ ತೋರಿಸಿದೆ. "ಜಾಸ್ತಿ ಅಕ್ಕಿ ವಾಪಸ್ ಎಲ್ಲಿ ಹಾಕಿದ?" ಅಂತ ಕೇಳಿದಳು. ಮೇಷ್ಟ್ರೇ, ಏನು ಹೇಳಲಿ?

ನಿವೃತ್ತ ಮೇಷ್ಟ್ರು: ಆಯ್ದ ಜಾಗದಲ್ಲೇ ಸುರಿದು ಬಾ ಅಂತ ಲಕ್ಕಮ್ಮ ಕಳಿಸಿದಳು ಅಂತ ಕಥೆ. ಬಸವಣ್ಣನ ಅಂಗಳ ಅದು.