ಸಹಾಯ ಬೇಕು: ರಾಗಿ ಗಂಜಿ ಸತ್ವಯುತವಾಗಿಯೂ ನುಂಗಲು ಸುರಕ್ಷಿತವಾಗಿಯೂ ಇರಬೇಕು

ಪಾರ್ಶ್ವವಾಯುವಿನ ನಂತರ ನುಂಗುವ ಶಕ್ತಿ ಕುಂದಿರುವ ನನ್ನ 78 ವರ್ಷದ ತಾಯಿಯವರು ಹೊತ್ತಿಗೆ ಒಂದು ಸಣ್ಣ ಬಟ್ಟಲಿಗಿಂತ ಹೆಚ್ಚು ಉಣ್ಣಲಾರರು. ಆದ್ದರಿಂದ ಅಷ್ಟರಲ್ಲೇ ಹೆಚ್ಚು ಸತ್ವ ಸೇರಬೇಕಾಗಿದೆ. ಅವರನ್ನು ಪರೀಕ್ಷಿಸಿದ ವಾಕ್ ಚಿಕಿತ್ಸಕರು, ಗಂಟಿಲ್ಲದೆ ನುಣುಪಾಗಿದ್ದು, ಚಮಚ ವಾಲಿಸಿದಾಗ ತೊಟ್ಟಿಕ್ಕದೆ ಒಟ್ಟಾಗಿ ಜಾರಿ ಬೀಳುವ ಹದವನ್ನು ಸೂಚಿಸಿದ್ದಾರೆ.

ನಮ್ಮ ಮನೆಯ ಸಾದಾ ರಾಗಿ ಹಿಟ್ಟು 150 ಮಿಲಿ ನೀರಿಗೆ 20 ಗ್ರಾಂ ಹಾಕುವಷ್ಟರಲ್ಲೇ ಈ ಹದಕ್ಕೆ ಬರುತ್ತದೆ, ಹೆಚ್ಚು ಹಾಕಿದರೆ ಅಂಟಾಗಿ ಗಂಟಲಲ್ಲಿ ನಿಲ್ಲುತ್ತದೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವಿರುವುದರಿಂದ ಅಷ್ಟೇ ನೀರಿಗೆ 30 ಗ್ರಾಂ ಹಿಡಿಸುತ್ತದೆಯಾದರೂ, ಗಂಜಿ ಆರುವಷ್ಟರಲ್ಲಿ ಮೇಲೆ ತಿಳಿ ನೀರು ನಿಲ್ಲುತ್ತದೆ. ಆ ನೀರಿಗೇ ಅಮ್ಮನಿಗೆ ಕೆಮ್ಮು ಬಂದು, ದನಿ ಒದ್ದೆಯಾದಂತೆ ಗೊರಗೊರ ಎನ್ನುತ್ತದೆ. ಎಂಜಲು ಚಮಚ ಅದ್ದಿದರೂ ಗಂಜಿ ತೆಳುವಾಗುತ್ತದೆಂದು ತಿಳಿದ ಮೇಲೆ, ಬೇರೆ ಬಟ್ಟಲಿಗೆ ಸ್ವಲ್ಪಸ್ವಲ್ಪವೇ ತೆಗೆದುಕೊಂಡು, ಅವರನ್ನು ನೆಟ್ಟಗೆ ಕೂರಿಸಿ ಉಣಿಸುತ್ತಿದ್ದೇನೆ.

ಈಗ ಬೇಯಿಸಿ ಅರೆದು ಸೋಸಿದ ಹೆಸರುಬೇಳೆಯನ್ನೂ ಎರಡು ಚಮಚ ನುಣ್ಣನೆಯ ಶೇಂಗಾ ಅರಪನ್ನೂ ಬೆರೆಸುತ್ತಿದ್ದೇನೆ. ಮೊಳಕೆ ಹಿಟ್ಟನ್ನು ತಣ್ಣೀರಲ್ಲಿ ಕದಡದೆ ನೇರವಾಗಿ ಕುದಿನೀರಿಗೆ ಹಾಕಿ ಕಿಣ್ವವನ್ನು ಬೇಗ ತಡೆದವರು, ಅಥವಾ ಎರಡೂ ಹಿಟ್ಟುಗಳನ್ನು ಬೆರೆಸಿ ಹದ ಕಾಯ್ದುಕೊಂಡವರು ಇದ್ದರೆ, ತಮ್ಮ ಅಳತೆಯನ್ನೂ ಅರ್ಧ ಗಂಟೆಯ ನಂತರ ಗಂಜಿ ಹೇಗಿತ್ತೆಂಬುದನ್ನೂ ದಯವಿಟ್ಟು ತಿಳಿಸಬೇಕು.